ಚರ್ಚಾ ಭಾಷಣ: ‘ಶಾಲೆಗೆ ಮೊಬೈಲ್ ತರಲು ಅವಕಾಶ ಕೊಡಬೇಕು’ – ಮಗಳಿಗೆ 15ಕ್ಕೆ 7 ಯಾಕೆ ಬಂತು?

ತಿಳಕವಾಡಿ_ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿಯವರು. ಮಗಳು ಐಸಿಎಸ್‌ಇ ಹತ್ತನೇ ತರಗತಿ, ಎರಡನೇ ಭಾಷೆ ಕನ್ನಡ. ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ಪ್ರಶ್ನೆ ಸುಮಾರು 250 ಪದಗಳ ಬರಹ, 15 ಅಂಕ. ಕೊಟ್ಟ ವಿಷಯಗಳಲ್ಲಿ ಅವಳು ಆರಿಸಿಕೊಂಡದ್ದು ಇದು: ‘ವಿದ್ಯಾರ್ಥಿಗಳಿಗೆ ಶಾಲೆಗೆ ಮೊಬೈಲ್ ತರಲು ಅವಕಾಶ ಕೊಡಬೇಕು. ಇದರ ಪರವಾಗಿ ಅಥವಾ ವಿರುದ್ಧವಾಗಿ ಚರ್ಚಾ ಭಾಷಣ ಬರೆಯಿರಿ.’

ಅವಳ ಬರಹದ ಮುಖ್ಯ ಸಾಲುಗಳನ್ನು ಇದ್ದ ಹಾಗೆ ಹಾಕುತ್ತೇನೆ.

‘ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ. ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆಯನ್ನು 1973ರಲ್ಲಿ ಅಮೆರಿಕದ ಮಾರ್ಟಿನ್ ಕೂಪರ್ ಮಾಡಿದರು. ಅಂದಿನಿಂದ ಮೊಬೈಲ್ ಬಹಳ ಬದಲಾಗಿದೆ.

ಮೊಬೈಲಿನಿಂದ ಅನೇಕ ಉಪಯೋಗಗಳಿವೆ. ಪಾಠದ ವಿಡಿಯೊ ನೋಡಬಹುದು. ಗೊತ್ತಿಲ್ಲದ ಪದದ ಅರ್ಥ ಹುಡುಕಬಹುದು. ಕೊರೊನಾ ಕಾಲದಲ್ಲಿ ತರಗತಿಗಳು ಮೊಬೈಲಿನಲ್ಲೇ ನಡೆದವು.

ಆದರೆ ದುಷ್ಪರಿಣಾಮಗಳೂ ಇವೆ. ಕಣ್ಣು ಹಾಳಾಗುತ್ತದೆ. ನಿದ್ದೆ ಕೆಡುತ್ತದೆ. ಮಕ್ಕಳು ಗೇಮ್ ಮತ್ತು ರೀಲ್ಸ್ ಚಟಕ್ಕೆ ಬೀಳುತ್ತಾರೆ. ಪಾಠದ ಕಡೆ ಗಮನ ಇರುವುದಿಲ್ಲ.

ಆದ್ದರಿಂದ ಮೊಬೈಲನ್ನು ಮಿತವಾಗಿ ಬಳಸಬೇಕು. ಅತಿಯಾದರೆ ಅಮೃತವೂ ವಿಷ. ಹೀಗಾಗಿ ನಾನು ಈ ವಿಷಯದ ವಿರುದ್ಧವಾಗಿ ಇದ್ದೇನೆ.’

ಕಾಗುಣಿತ ತಪ್ಪಿಲ್ಲ. ಅಕ್ಷರ ಚೆನ್ನಾಗಿದೆ. ಆದರೂ 7 ಅಂಕ. ಕೆಂಪು ಶಾಯಿಯಲ್ಲಿ ‘ನಿಲುವು ಇಲ್ಲ, ಪ್ರಬಂಧ ಆಗಿದೆ’ ಅಂತ ಬರೆದಿದ್ದಾರೆ. ಕೊನೆಗೆ ‘ವಿರುದ್ಧವಾಗಿ ಇದ್ದೇನೆ’ ಅಂತ ಬರೆದಿದ್ದಾಳಲ್ವಾ? ನಿಲುವು ಇಲ್ಲ ಅಂದ್ರೆ ಏನು? ಅವಳು ತುಂಬಾ ಬೇಜಾರಾಗಿದ್ದಾಳೆ. ಬೋರ್ಡ್ ಪರೀಕ್ಷೆ ಹತ್ತಿರ ಇದೆ. ತಿಳಿದವರು ದಯವಿಟ್ಟು ಹೇಳಿ.

---

ಗೋಲಗುಮ್ಮಟ_ಹುಡುಗ

ಸರ್, ಅಂಕಿಅಂಶ ಇಲ್ಲ, ಅದೇ ಸಮಸ್ಯೆ. ನಾನು ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದೇನೆ, ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತೇನೆ. ತೀರ್ಪುಗಾರರಿಗೆ ಅಂಕಿ ಬೇಕು. ಯುನೆಸ್ಕೋ 2023ರಲ್ಲಿ ಶಾಲೆಗಳಲ್ಲಿ ಮೊಬೈಲ್ ಬ್ಯಾನ್ ಮಾಡಿದೆ, ಅದನ್ನು ಹಾಕಿ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿದೆ, ಅದನ್ನೂ ಹಾಕಿ. ಇಂಗ್ಲೆಂಡಿನಲ್ಲಿ ಮೊಬೈಲ್ ನಿಷೇಧಿಸಿದ ಮೇಲೆ ಮಕ್ಕಳ ಅಂಕ ಏರಿದ್ದನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ತೋರಿಸಿದ್ದಾರೆ. ಈ ಮೂರು ಸಾಲು ಇದ್ದಿದ್ದರೆ 12ರ ಮೇಲೆ ಬರುತ್ತಿತ್ತು.

ಇನ್ನೊಂದು ಮಾತು. ಎರಡೂ ಕಡೆಯ ವಾದ ಕೊಟ್ಟರೆ ಸಮತೋಲನ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ.

---

ಕೃಷ್ಣಾತೀರ

ನಮ್ಮದೂ ಇದೇ ಗೋಳು ಅಣ್ಣಾರೆ. ಜಮಖಂಡಿಯಿಂದ ಬರೆಯುತ್ತಿದ್ದೇನೆ. ಮಗ ಎಂಟನೇ ತರಗತಿ. ಊಟಕ್ಕೆ ಕೂತರೂ ಫೋನು, ಮಲಗಿದರೂ ಫೋನು. ಕಸಿದುಕೊಂಡರೆ ಊಟ ಬಿಡುತ್ತಾನೆ. ಅವನಪ್ಪ ‘ಕೊಡು, ಓದಿಗೆ ಬೇಕಾಗುತ್ತದೆ’ ಅನ್ನುತ್ತಾರೆ. ಶಾಲೆಗೆ ತಗೊಂಡು ಹೋಗೋದಕ್ಕೆ ಬಿಡಬೇಕಾ, ಬಿಡಬಾರದಾ? ಯಾರಾದರೂ ಹೇಳಿ.

---

ತಿಳಕವಾಡಿ_ಅಪ್ಪ

ಅಕ್ಕಾರೆ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಇಲ್ಲಿ ಪ್ರಶ್ನೆ ಪರೀಕ್ಷೆಯಲ್ಲಿ ಭಾಷಣ ಬರೆಯುವುದು ಹೇಗೆ ಅನ್ನುವುದು. ನಿಮ್ಮ ವಿಷಯ ಬೇರೆ ಎಳೆಯಲ್ಲಿ ಹಾಕಿ, ನಾನೂ ಬಂದು ಬರೆಯುತ್ತೇನೆ.

---

ಗುಳೇದಗುಡ್ಡ_ಖಣ

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಪ್ರೌಢಶಾಲೆಯ ಕನ್ನಡ ಮಾಸ್ತರ್ ಆಗಿದ್ದೆ, ಈಗ ನಿವೃತ್ತ. ತಾಲ್ಲೂಕು, ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಬಹಳ ಕಾಲ ಕೂತಿದ್ದೇನೆ. ಮೊದಲು ಮಗುವಿಗೆ ಹೇಳಿ: ಭಾಷೆ ಚೆನ್ನಾಗಿದೆ. ಹೋದ ಅಂಕ ಭಾಷೆಯದ್ದಲ್ಲ.

ಕೆಂಪು ಶಾಯಿಯವರು ಬರೆದದ್ದು ಸರಿ. ಕೊನೆಯ ಪ್ಯಾರಾದ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಒಟ್ಟಿಗೆ ಓದಿ. ‘ಮಿತವಾಗಿ ಬಳಸಬೇಕು’ ಅನ್ನುವವರು ಯಾರು? ಅವಕಾಶ ಕೊಡಿ ಅನ್ನುವವರು. ಮಿತವಾಗಿ ಬಳಸಬೇಕಾದರೆ ಮೊದಲು ತರಬೇಕಲ್ಲ. ಅಂದರೆ ಅವಳು ಪರ ಪಕ್ಷದ ತೀರ್ಮಾನ ಬರೆದು, ಕೆಳಗೆ ‘ನಾನು ವಿರುದ್ಧ’ ಅಂತ ಸಹಿ ಹಾಕಿದ್ದಾಳೆ. ಇದು ಅವಳೊಬ್ಬಳ ತಪ್ಪಲ್ಲ. ‘ಮೊಬೈಲ್: ಅನುಕೂಲ, ಅನಾನುಕೂಲ’ ಅನ್ನುವ ಪ್ರಬಂಧ ನಮ್ಮ ಮಕ್ಕಳಿಗೆ ಏಳನೇ ತರಗತಿಯಿಂದ ಬಾಯಿಪಾಠ. ಚರ್ಚೆ ಅಂತ ಕೇಳಿದರೂ ಕೈ ಅದನ್ನೇ ಬರೆಯುತ್ತದೆ.

ನಾನು ಮಕ್ಕಳಿಗೆ ಎರಡು ಪರೀಕ್ಷೆ ಹೇಳಿಕೊಡುತ್ತಿದ್ದೆ. ಪ್ರತಿ ಸಾಲಿಗೂ ಹಚ್ಚಿ ನೋಡಬೇಕು.

ಮೊದಲನೆಯದು: ಎದುರಾಳಿ ಈ ಸಾಲನ್ನು ಒಪ್ಪುತ್ತಾನಾ? ಒಪ್ಪಿದರೆ ಆ ಸಾಲು ಚರ್ಚೆಯಲ್ಲಿ ಏನೂ ಕೆಲಸ ಮಾಡುತ್ತಿಲ್ಲ. ಮೊಬೈಲ್ ಜೀವನದ ಅಂಗ ಅನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. 1973ರ ಕರೆಯನ್ನೂ ಒಪ್ಪುತ್ತಾರೆ. ಮಾಹಿತಿ ನಿಜವೇ, ಆದರೆ ಯಾರ ಪರವೂ ಅಲ್ಲ. ಇಡೀ ಮೊದಲ ಪ್ಯಾರಾ ಹೋಯಿತು.

ಎರಡನೆಯದು: ಸಾಲಿನಿಂದ ‘ಶಾಲೆ’ಯನ್ನು ತೆಗೆದರೂ ಅದು ಹಾಗೇ ನಿಲ್ಲುತ್ತದಾ? ‘ಕಣ್ಣು ಹಾಳಾಗುತ್ತದೆ, ನಿದ್ದೆ ಕೆಡುತ್ತದೆ’ ನೋಡಿ. ನಿದ್ದೆ ಕೆಡುವುದು ರಾತ್ರಿ, ಮನೆಯಲ್ಲಿ. ಶಾಲೆಗೆ ಮೊಬೈಲ್ ಬಿಟ್ಟರೂ ಬಿಡದಿದ್ದರೂ ಆ ನಿದ್ದೆ ಕೆಡುತ್ತದೆ. ಹಾಗಾದರೆ ಆ ಸಾಲು ನಮ್ಮ ವಿಷಯದ್ದಲ್ಲ. ಕೊರೊನಾ ಕಾಲದ ತರಗತಿಯೂ ಹಾಗೆಯೇ. ಆಗ ಶಾಲೆಗೆ ಬೀಗ ಬಿದ್ದಿತ್ತು, ಮೊಬೈಲ್ ಮನೆಯಲ್ಲಿತ್ತು. ಶಾಲೆಗೆ ತರುವ ಮಾತಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡೂ ಪರೀಕ್ಷೆ ದಾಟಿ ಉಳಿಯುವುದು ಒಂದೇ ಸಾಲು: ‘ಪಾಠದ ಕಡೆ ಗಮನ ಇರುವುದಿಲ್ಲ.’ ಅದನ್ನು ಬೆಳೆಸಿ ತೋರಿಸಬೇಕಿತ್ತು, ಒಂದು ಸಾಲಿಗೆ ಬಿಟ್ಟಿದ್ದಾಳೆ.

ಇದಕ್ಕಿಂತ ದೊಡ್ಡ ಕೊರತೆ ಖಂಡನೆ ಇಲ್ಲದಿರುವುದು. ಚರ್ಚಾ ಭಾಷಣ ಅಂದ ಮೇಲೆ ಎದುರಿಗೆ ಒಬ್ಬರು ಕೂತಿದ್ದಾರೆ ಅಂತಲೇ ಲೆಕ್ಕ. ಅವರು ಹೇಳಬಹುದಾದ ಅತಿ ಬಲವಾದ ಮಾತು ಯಾವುದು, ಅದಕ್ಕೆ ನನ್ನ ಉತ್ತರ ಏನು ಅನ್ನುವುದು ಬರಬೇಕು. ತೀರ್ಪುಗಾರನಾಗಿ ನಾನು ಪೆನ್ನು ಎತ್ತಿಕೊಂಡು ಕಾಯುತ್ತಿದ್ದದ್ದು ಆ ಪ್ಯಾರಾಕ್ಕೆ. ಬಹಳಷ್ಟು ಮಕ್ಕಳು ಎದುರಾಳಿಯ ಸುಲಭದ ಮಾತನ್ನು ಆರಿಸಿಕೊಂಡು ಹೊಡೆಯುತ್ತಾರೆ. ಬಲವಾದದ್ದನ್ನು ಮುಟ್ಟುವವರು ಅಪರೂಪ.

ಗೋಲಗುಮ್ಮಟದವರೇ, ನಿಮ್ಮ ಹುರುಪು ಇಷ್ಟ ಆಯಿತು. ಆದರೆ ಯುನೆಸ್ಕೋ ಯಾವುದನ್ನೂ ಬ್ಯಾನ್ ಮಾಡಿಲ್ಲ, ಹಾಗೆ ಮಾಡುವ ಅಧಿಕಾರವೂ ಅದಕ್ಕಿಲ್ಲ. 2023ರ ವರದಿಯಲ್ಲಿ ಅದು ಹೇಳಿದ್ದು, ತಂತ್ರಜ್ಞಾನ ಕಲಿಕೆಗೆ ಸಹಾಯ ಮಾಡುವ ಕಡೆ ಮಾತ್ರ ಇರಲಿ ಅಂತ. ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ದೇಶಗಳು ಶಾಲೆಯಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿವೆ ಅಂತಲೂ ಅದರಲ್ಲಿತ್ತು. ನಂತರ ಆ ಸಂಖ್ಯೆ ಏರಿದೆ, ಅದು ಬೇರೆ ಮಾತು. ಫ್ರಾನ್ಸ್ ವಿಷಯ ಸರಿ.

ಇಂಗ್ಲೆಂಡಿನ ಅಧ್ಯಯನವೂ ನಿಜ. 2015ರದ್ದು, ನಾಲ್ಕು ನಗರಗಳ 91 ಶಾಲೆಗಳು. ಆದರೆ ಲಾಭ ಹೆಚ್ಚಾಗಿ ಕಂಡದ್ದು ಓದಿನಲ್ಲಿ ಹಿಂದಿದ್ದ ಮಕ್ಕಳಲ್ಲಿ. ಚೆನ್ನಾಗಿ ಓದುವವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಸ್ವೀಡನ್ನಿನಲ್ಲಿ ಇದೇ ಪ್ರಶ್ನೆ ಕೇಳಿದಾಗ ನಿಷೇಧದಿಂದ ಅಂಕ ಏರಿದ್ದು ಕಾಣಲೇ ಇಲ್ಲ. ಎದುರಾಳಿ ಓದಿಕೊಂಡು ಬಂದಿದ್ದರೆ ಸ್ವೀಡನ್ ತೆಗೆದು ಮುಂದಿಡುತ್ತಾನೆ. ಒಂದು ಅಧ್ಯಯನ ಹಾಕಿದರೆ ಸಾಕು, ಅದು ಹೇಳಿದಷ್ಟನ್ನೇ ಹೇಳಬೇಕು. ‘ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭ’ ಅನ್ನುವುದೇ ‘ಎಲ್ಲರ ಅಂಕ ಏರಿತು’ ಅನ್ನುವುದಕ್ಕಿಂತ ಬಲವಾದ ವಾದ. ಯಾಕೆಂದರೆ ಮನೆಯಲ್ಲಿ ಟ್ಯೂಷನ್ ಇಲ್ಲದ ಮಗುವಿಗೆ ತರಗತಿಯ ಗಮನವೇ ಎಲ್ಲ.

---

ಗೋಲಗುಮ್ಮಟ_ಹುಡುಗ

ಧನ್ಯವಾದ ಸರ್. ಯುನೆಸ್ಕೋದ್ದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದು. ಸ್ವೀಡನ್ ವಿಷಯ ಗೊತ್ತಿರಲಿಲ್ಲ, ಮುಂದಿನ ಸ್ಪರ್ಧೆಗೆ ಬರೆದಿಟ್ಟುಕೊಂಡೆ. ಆದರೂ ಅಂಕಿ ಒಂದಾದರೂ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

---

ಇಂಡಿ_ಲಿಂಬು

ಮಾಸ್ತರೇ, ನನ್ನ ಮಾತು ವಿಷಯಕ್ಕೆ ಹೊರಗಿನದಾದರೆ ಕ್ಷಮಿಸಿ. ನಾವು ಇಂಡಿ ತಾಲ್ಲೂಕಿನ ಹಳ್ಳಿಯವರು, ಲಿಂಬೆ ತೋಟ ಇದೆ. ತಂಗಿ ಮಗಳು ಒಂಬತ್ತನೇ ತರಗತಿ, ದಿನಾ ಬಸ್ಸಿನಲ್ಲಿ ಪೇಟೆ ಶಾಲೆಗೆ ಹೋಗಿ ಬರುತ್ತಾಳೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಬಸ್ಸು ಬರಲಿಲ್ಲ. ಹಳ್ಳದಲ್ಲಿ ನೀರು ಬಂದು ದಾರಿ ನಿಂತಿತ್ತು. ಇವಳ ಹತ್ತಿರ ಫೋನಿಲ್ಲ, ಶಾಲೆಯಲ್ಲಿ ಬಿಡುವುದಿಲ್ಲ. ನಿಲ್ದಾಣದ ಚಹಾದಂಗಡಿಯವರ ಫೋನು ಕೇಳಿ ನನಗೆ ಹಚ್ಚಿದಳು. ಅಷ್ಟರಲ್ಲಿ ಕತ್ತಲಾಗಿತ್ತು. ನನ್ನ ನಂಬರ್ ಅವಳಿಗೆ ಬಾಯಿಪಾಠ ಇತ್ತು, ಅದಕ್ಕೇ ಆಯಿತು. ಅವಳ ಜೊತೆಗಿದ್ದ ಇನ್ನೊಂದು ಹುಡುಗಿಗೆ ಮನೆಯ ನಂಬರ್ ನೆನಪಿರಲಿಲ್ಲ.

ಕಣ್ಣು, ರೀಲ್ಸು ಎಲ್ಲ ಸರಿ. ಈ ಮಕ್ಕಳ ವಿಷಯ ಯಾರೂ ಹೇಳೋದೇ ಇಲ್ಲ.

---

ಗುಳೇದಗುಡ್ಡ_ಖಣ

ನೀವು ವಿಷಯಕ್ಕೆ ಹೊರಗಿನದ್ದು ಹೇಳಿಲ್ಲ. ಅದರ ನಟ್ಟನಡುವಿನದ್ದೇ ಹೇಳಿದ್ದೀರಿ. ತಿಳಕವಾಡಿಯವರೇ, ಮಗಳಿಗೆ ಇದನ್ನು ಓದಿಸಿ. ನಿಷೇಧ ಬೇಕು ಅನ್ನುವವರಿಗೆ ಎದುರಾಗುವ ಅತಿ ಬಲವಾದ ಮಾತು ಇದೇ. ಪಾಠದ ವಿಡಿಯೊ, ಪದದ ಅರ್ಥ, ಇವಕ್ಕೆಲ್ಲ ‘ಗ್ರಂಥಾಲಯ ಇದೆ, ಕಂಪ್ಯೂಟರ್ ಕೋಣೆ ಇದೆ’ ಅಂತ ಉತ್ತರ ಕೊಡಬಹುದು. ಕತ್ತಲಲ್ಲಿ ನಿಂತ ಹುಡುಗಿಗೆ ಗ್ರಂಥಾಲಯ ಉತ್ತರ ಅಲ್ಲ.

ಇಲ್ಲೊಂದು ಬಲೆ ಇದೆ. ಒಳ್ಳೆಯ ಭಾಷಣಕಾರರೂ ಬೀಳುವುದನ್ನು ನೋಡಿದ್ದೇನೆ. ವಿರುದ್ಧ ಮಾತಾಡುವವನು ಬಸ್ಸಿನ ಮಾತಿಗೆ ಉತ್ತರವಾಗಿ, ‘ಹಾಗಾದರೆ ಫೋನು ತರಲಿ, ಬೆಳಗ್ಗೆ ಕಚೇರಿಯಲ್ಲಿ ಇಡಲಿ, ಸಂಜೆ ತಗೊಳ್ಳಲಿ’ ಅನ್ನುತ್ತಾನೆ. ಕೇಳಲಿಕ್ಕೆ ಬಹಳ ಸಮಂಜಸ. ಆದರೆ ವಿಷಯ ಏನು? ‘ತರಲು ಅವಕಾಶ ಕೊಡಬೇಕು.’ ಅವನೇ ಅವಕಾಶ ಕೊಟ್ಟುಬಿಟ್ಟ! ಅಲ್ಲಿಗೆ ಅವನ ಪಕ್ಷ ಸೋತಿತು. ಮುಂದೆ ಎಷ್ಟು ಚೆನ್ನಾಗಿ ಮಾತಾಡಿದರೂ ತೀರ್ಪುಗಾರ ಅದನ್ನು ಮರೆಯುವುದಿಲ್ಲ.

ಹಾಗಾಗಿ ವಿಷಯದ ಸಾಲಿನಲ್ಲಿ ‘ತರುವುದು’ ಇದೆಯೋ ‘ಬಳಸುವುದು’ ಇದೆಯೋ ಅಂತ ಮೊದಲು ನೋಡಬೇಕು. ಬಳಸುವುದು ಅಂತ ಇದ್ದರೆ ವಿರುದ್ಧ ಪಕ್ಷ ಸುಲಭ. ತರುವುದು ಅಂತ ಇದ್ದರೆ ಪರ ಪಕ್ಷ ಸುಲಭ, ಯಾಕೆಂದರೆ ‘ತಂದು ಒಪ್ಪಿಸುವ’ ದಾರಿ ಅವರ ಕೈಯಲ್ಲಿದೆ.

ಪರ ಪಕ್ಷಕ್ಕೆ ಇನ್ನೊಂದು ಆಧಾರವೂ ಇದೆ. 2025ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ವಿದ್ಯಾರ್ಥಿಯ ಪ್ರಕರಣದಲ್ಲಿ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಪೂರ್ತಿ ನಿಷೇಧ ಬೇಕಾದದ್ದೂ ಅಲ್ಲ, ನಡೆಯುವಂಥದ್ದೂ ಅಲ್ಲ ಅಂತ ಹೇಳಿತು. ಸಾಧ್ಯ ಇರುವ ಕಡೆ ಮಕ್ಕಳು ಬೆಳಗ್ಗೆ ಫೋನು ಒಪ್ಪಿಸಿ, ಶಾಲೆ ಬಿಟ್ಟ ಮೇಲೆ ಪಡೆಯುವ ಹಾಗೆ ಮಾಡಬೇಕು ಅಂದಿತು. ತರಗತಿಯಲ್ಲಿ ಬಳಸಬಾರದು ಅಂತಲೂ ಹೇಳಿತು. ಅದು ದೆಹಲಿಯದ್ದು, ಕರ್ನಾಟಕದ ಶಾಲೆಗಳಿಗೆ ಆದೇಶ ಅಂತ ಬರೆಯಬಾರದು. ಉದಾಹರಣೆಯಾಗಿ ಒಂದು ಸಾಲು ಬರಬಹುದು.

---

ಗೋಕಾಕ_ಕರದಂಟು

ಮಾಸ್ತರರ ಜೊತೆ ಒಂದು ವಿಷಯದಲ್ಲಿ ನನ್ನ ತಕರಾರು ಇದೆ. ನಾನೂ ಕನ್ನಡ ಶಿಕ್ಷಕಿ, ಉತ್ತರಪತ್ರಿಕೆ ತಿದ್ದುತ್ತೇನೆ. ಪಕ್ಷ ಆರಿಸುವಾಗ ‘ಯಾವುದು ಸುಲಭ’ ಅಂತ ನೋಡಿದರೆ ಎಲ್ಲರೂ ಒಂದೇ ಕಡೆ ಬರೆಯುತ್ತಾರೆ, ಒಂದೇ ಭಾಷಣ ನೂರು ಸಲ ಓದಬೇಕಾಗುತ್ತದೆ. ವಿರುದ್ಧವಾಗಿ ಗಟ್ಟಿಯಾಗಿ ಬರೆದ ಮಗುವಿಗೆ ನಾನು ಖುಷಿಯಿಂದ ಜಾಸ್ತಿ ಅಂಕ ಕೊಡುತ್ತೇನೆ.

ವಿರುದ್ಧ ಪಕ್ಷಕ್ಕೂ ಬಸ್ಸಿನ ಮಾತಿಗೆ ಉತ್ತರ ಇದೆ. ದಾರಿಯ ತೊಂದರೆಗೆ ಪ್ರತಿ ಮಗುವಿನ ಚೀಲದಲ್ಲಿ ಫೋನು ಇಡುವುದು ಒಂದೇ ದಾರಿಯಲ್ಲ. ಕೊನೆಯ ಬಸ್ಸು ಹೋಗುವ ತನಕ ಶಾಲೆಯ ಒಬ್ಬರು ಕಚೇರಿಯಲ್ಲಿರಲಿ. ಬಸ್ಸಿನ ಮಕ್ಕಳ ಪಟ್ಟಿ, ಮನೆಯ ನಂಬರ್ ಅವರ ಹತ್ತಿರ ಇರಲಿ. ಬಸ್ಸು ಬರದಿದ್ದರೆ ಮಕ್ಕಳು ಚಹಾದಂಗಡಿಗೆ ಹೋಗುವ ಬದಲು ಶಾಲೆಗೆ ಮರಳಲಿ. ಇದು ಶಾಲೆಯ ಹೊಣೆ ಅಂತ ವಾದಿಸಬೇಕು. ಫೋನು ಕೊಳ್ಳಲು ಆಗದ ಮನೆಯ ಹುಡುಗಿಗೂ ಆಗ ರಕ್ಷಣೆ ಸಿಗುತ್ತದೆ. ಇಂಡಿಯವರು ಹೇಳಿದ ಎರಡನೇ ಹುಡುಗಿ, ನಂಬರ್ ನೆನಪಿಲ್ಲದವಳು, ಅವಳ ಮನೆಯಲ್ಲಿ ಹೆಚ್ಚುವರಿ ಫೋನು ಇದೆಯಾ? ಅವಳ ಕಡೆಯಿಂದ ಯೋಚಿಸಿದರೆ ವಿರುದ್ಧ ಪಕ್ಷವೇ ಗಟ್ಟಿ.

---

ಇಂಡಿ_ಲಿಂಬು

ಮೇಡಂ, ಅವಳ ಮನೆಯಲ್ಲಿ ಇರೋದು ಒಂದೇ ಫೋನು. ಅದು ಅವಳಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ. ನೀವು ಹೇಳಿದ್ದು ನಿಜ. ಆದರೆ ನಮ್ಮ ಕಡೆ ಸಂಜೆ ಐದರ ಮೇಲೆ ಶಾಲೆಯಲ್ಲಿ ಕಾವಲುಗಾರ ಬಿಟ್ಟರೆ ಯಾರೂ ಇರುವುದಿಲ್ಲ.

---

ಗುಳೇದಗುಡ್ಡ_ಖಣ

ಗೋಕಾಕದ ಬಾಯಾರ ಮಾತು ಒಪ್ಪಿದೆ. ಇದು ನನಗೆ ಹೊಳೆದಿರಲಿಲ್ಲ. ಈ ಉತ್ತರ ಬರೆದ ಮಗುವಿಗೆ ನಾನೂ ಒಳ್ಳೆಯ ಅಂಕ ಕೊಡುತ್ತೇನೆ. ಆದರೆ ಇಂಡಿಯವರ ಕಾವಲುಗಾರನ ಮಾತು ಎದುರಿನಿಂದ ಬಂದೇ ಬರುತ್ತದೆ, ಅದಕ್ಕೂ ಸಿದ್ಧ ಇರಬೇಕು.

---

ತಿಳಕವಾಡಿ_ಅಪ್ಪ

ಮಗಳು ಎಲ್ಲವನ್ನೂ ಕೂತು ಓದಿದಳು. ಇಂಡಿಯವರ ಬಸ್ಸಿನ ಮಾತು ಓದಿ ಪಕ್ಷ ಬದಲಿಸಿದಳು. ‘ನಾನು ನಿಜವಾಗಿ ಒಪ್ಪುವುದು ಇದನ್ನೇ’ ಅಂದಳು. ಪರವಾಗಿ ಹೊಸದಾಗಿ ಬರೆದಿದ್ದಾಳೆ. ದಯವಿಟ್ಟು ನೋಡಿ ಹೇಳಿ.

‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ ಮತ್ತು ಗೆಳೆಯರೇ,

ವಿದ್ಯಾರ್ಥಿಗಳಿಗೆ ಶಾಲೆಗೆ ಮೊಬೈಲ್ ತರಲು ಅವಕಾಶ ಕೊಡಬೇಕು ಎಂಬ ವಿಷಯದ ಪರವಾಗಿ ನಾನು ಮಾತನಾಡುತ್ತೇನೆ. ಪಾಠ ನಡೆಯುವಾಗ ಮೊಬೈಲ್ ಬಳಸಲು ಬಿಡಿ ಎಂದು ನಾನು ಕೇಳುತ್ತಿಲ್ಲ. ಮನೆಯಿಂದ ತರಲಿ, ಪ್ರಾರ್ಥನೆಗೆ ಮೊದಲು ಕಚೇರಿಯಲ್ಲಿ ಕೊಡಲಿ, ಕೊನೆಯ ಗಂಟೆ ಹೊಡೆದ ಮೇಲೆ ಪಡೆಯಲಿ. ಇಷ್ಟೇ ನನ್ನ ವಾದ.

ನಮ್ಮ ಜೊತೆ ಓದುವ ಎಷ್ಟೋ ಮಕ್ಕಳು ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಸಂಜೆಯ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಬರುವಷ್ಟರಲ್ಲಿ ಕತ್ತಲಾಗುತ್ತದೆ. ಶಾಲೆಯ ಕಚೇರಿಗೆ ಆಗ ಬೀಗ ಬಿದ್ದಿರುತ್ತದೆ. ನಾಣ್ಯ ಹಾಕಿ ಮಾತಾಡುವ ಫೋನುಗಳು ಈಗ ನಿಲ್ದಾಣದಲ್ಲಿ ಇಲ್ಲ. ಹುಡುಗಿ ಗುರುತಿಲ್ಲದವರ ಫೋನು ಕೇಳಬೇಕು. ಮನೆಯ ನಂಬರ್ ಮರೆತಿದ್ದರೆ ಅದೂ ಇಲ್ಲ. ನಿಯಮ ಮಾಡಿದ ಶಾಲೆ ಆ ಹೊತ್ತಿನಲ್ಲಿ ಅವಳ ಜೊತೆ ಇರುವುದಿಲ್ಲ.

‘ಒಂದು ಫೋನು ಕಚೇರಿಗೆ ಕೊಟ್ಟು ಇನ್ನೊಂದನ್ನು ಚೀಲದಲ್ಲಿ ಮುಚ್ಚಿಟ್ಟರೆ?’ ಎಂದು ನನ್ನ ಎದುರಾಳಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮುಚ್ಚಿಟ್ಟು ತರುವವರು ನಿಷೇಧ ಇರುವಾಗಲೂ ತರುತ್ತಾರೆ. ಆಗ ಯಾರ ಹತ್ತಿರ ಫೋನಿದೆ ಎಂದು ಶಾಲೆಗೆ ಗೊತ್ತೇ ಇರುವುದಿಲ್ಲ. ಅವಕಾಶ ಕೊಟ್ಟರೆ ಕಚೇರಿಯ ರಿಜಿಸ್ಟರಿನಲ್ಲಿ ಮಗುವಿನ ಹೆಸರು, ಪಾಲಕರ ಸಹಿ ಇರುತ್ತದೆ. ನಿಷೇಧದಿಂದ ಕಣ್ಣಿಗೆ ಬೀಳದ ಫೋನು ಅವಕಾಶದಿಂದ ಲೆಕ್ಕಕ್ಕೆ ಸಿಗುತ್ತದೆ.

2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ಪೂರ್ತಿ ನಿಷೇಧವನ್ನು ಒಪ್ಪಲಿಲ್ಲ. ಬೆಳಿಗ್ಗೆ ಒಪ್ಪಿಸಿ ಸಂಜೆ ಪಡೆಯುವ ದಾರಿಯನ್ನೇ ತೋರಿಸಿತು. ನಾನು ಕೇಳುತ್ತಿರುವುದೂ ಅದನ್ನೇ. ನಮಸ್ಕಾರ.’

---

ಗುಳೇದಗುಡ್ಡ_ಖಣ

ಭಲೇ! ಇದನ್ನು ಜೋರಾಗಿ ಓದಿದೆ. ಎರಡನೇ ಪ್ಯಾರಾದಲ್ಲೇ ಅವಳು ಎಲ್ಲಿ ನಿಂತಿದ್ದಾಳೆ ಗೊತ್ತಾಯಿತು. ‘ಪಾಠ ನಡೆಯುವಾಗ ಬಳಸಲು ಬಿಡಿ ಎಂದು ಕೇಳುತ್ತಿಲ್ಲ’ ಅನ್ನುವ ಸಾಲಿನಿಂದ ರೀಲ್ಸ್, ಗೇಮ್, ಗಮನ, ಎಲ್ಲ ವಾದವನ್ನೂ ಎದುರಾಳಿಯ ಕೈಯಿಂದ ತೆಗೆದಿದ್ದಾಳೆ. ‘ನಿಯಮ ಮಾಡಿದ ಶಾಲೆ ಆ ಹೊತ್ತಿನಲ್ಲಿ ಅವಳ ಜೊತೆ ಇರುವುದಿಲ್ಲ’ ಅನ್ನುವುದು ಇಡೀ ಭಾಷಣದ ಅತ್ಯುತ್ತಮ ಸಾಲು. ಅದರ ಮುಂದೆ ಏನೂ ಸೇರಿಸಬೇಡ ಅಂತ ಹೇಳಿ.

ತಿದ್ದಬೇಕಾದದ್ದು ಒಂದಿದೆ. ಖಂಡನೆಗೆ ಅವಳು ಆರಿಸಿದ್ದು ಎದುರಾಳಿಯ ಎರಡನೇ ಬಲವಾದ ಮಾತು. ಮೊದಲನೆಯದು, ಫೋನು ವಾಪಸ್ ಪಡೆಯಲು ಕಚೇರಿಯ ಮುಂದೆ ಮಕ್ಕಳು ನಿಲ್ಲಬೇಕಾದ ಸರದಿ ಸಾಲು. ಲೆಕ್ಕ ಹಾಕಿ ನೋಡಿ. ಶಾಲೆಯಲ್ಲಿ ಮುನ್ನೂರು ಮಕ್ಕಳು ಫೋನು ಕೊಟ್ಟಿದ್ದಾರೆ ಅಂದುಕೊಳ್ಳಿ. ಕೊನೆಯ ಗಂಟೆ ಹೊಡೆಯಿತು. ಹೆಸರು ನೋಡಿ, ಫೋನು ಹುಡುಕಿ, ಸಹಿ ಹಾಕಿಸಿ ಕೊಡಲು ಒಂದಕ್ಕೆ ಹತ್ತು ಸೆಕೆಂಡು ಅಂದರೂ ಮುನ್ನೂರಕ್ಕೆ ಐವತ್ತು ನಿಮಿಷ. ಎದುರಾಳಿ ಎದ್ದು ನಿಂತು, ‘ನಿಮ್ಮ ಹುಡುಗಿಯ ಬಸ್ಸು ತಪ್ಪುವುದು ಈ ಸಾಲಿನಲ್ಲಿ ನಿಂತದ್ದಕ್ಕೇ’ ಅಂದರೆ? ಅವಳ ವಾದವೇ ಅವಳ ಮೇಲೆ ತಿರುಗುತ್ತದೆ. ಈ ಪ್ರಶ್ನೆಯನ್ನು ಅವಳೇ ಎತ್ತಿ ಉತ್ತರ ಕೊಟ್ಟರೆ ಭಾಷಣ ಅಲುಗಾಡುವುದಿಲ್ಲ.

---

ತಿಳಕವಾಡಿ_ಅಪ್ಪ

ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಎರಡು ಉತ್ತರ ಹೇಳಿದಳು. ಒಂದು, ಬಸ್ಸಿನಲ್ಲಿ ಬರುವ ಮಕ್ಕಳು ಮಾತ್ರ ಪಾಲಕರ ಪತ್ರ ಕೊಟ್ಟು ಫೋನು ತರಬೇಕು, ಆಗ ಮುನ್ನೂರು ಆಗುವುದಿಲ್ಲ. ಎರಡು, ಕಚೇರಿಯ ಬದಲು ತರಗತಿಗೊಂದು ಬೀಗದ ಪೆಟ್ಟಿಗೆ ಇಡಬೇಕು, ಕೊನೆಯ ಪೀರಿಯಡ್‌ನ ಶಿಕ್ಷಕರೇ ಹಂಚಬೇಕು. ಯಾವುದು ಹಾಕಲಿ ಅಂತ ಕೇಳುತ್ತಿದ್ದಾಳೆ.

---

ಗೋಕಾಕ_ಕರದಂಟು

ಎರಡನೆಯದು ಹಾಕಲಿ. ಮೊದಲನೆಯದು ಅಪಾಯ. ವಿಷಯ ‘ವಿದ್ಯಾರ್ಥಿಗಳಿಗೆ’ ಅಂತ ಇದೆ, ‘ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳಿಗೆ’ ಅಂತ ಇಲ್ಲ. ವಿಷಯವನ್ನು ತನಗೆ ಬೇಕಾದ ಹಾಗೆ ಕಿರಿದು ಮಾಡಿಕೊಂಡರೆ ನಾನಾದರೆ ಅಂಕ ಕಡಿಮೆ ಮಾಡುತ್ತೇನೆ.

---

ಗುಳೇದಗುಡ್ಡ_ಖಣ

ನಾನು ಕಡಿಮೆ ಮಾಡುವುದಿಲ್ಲ. ಅವಕಾಶ ಅಂದರೆ ಷರತ್ತಿಲ್ಲದ ಅವಕಾಶ ಅಂತ ಎಲ್ಲಿ ಬರೆದಿದೆ? ಶಾಲೆಗೆ ಸೈಕಲ್ ತರಲು ಅವಕಾಶ ಇದೆ ಅಂದರೆ ಎಲ್ಲರೂ ತರಲೇಬೇಕು ಅಂತಲ್ಲ. ಪಾಲಕರ ಪತ್ರ ಒಂದು ಷರತ್ತು ಅಷ್ಟೆ.

---

ಗೋಕಾಕ_ಕರದಂಟು

ಮಾಸ್ತರೇ, ಪತ್ರ ಷರತ್ತು ಅಂತ ಒಪ್ಪುತ್ತೇನೆ. ‘ಬಸ್ಸಿನವರು ಮಾತ್ರ’ ಅಂದಾಗ ಉಳಿದವರಿಗೆ ನಿಷೇಧ ಆಯಿತಲ್ಲ. ಪರ ಪಕ್ಷದವರು ಅರ್ಧ ಶಾಲೆಗೆ ನಿಷೇಧ ಹೇರಿದ ಹಾಗಾಯಿತು. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ ಅನಿಸುತ್ತದೆ. ತಿದ್ದುವವರು ಯಾರು ಅಂತ ಮಗುವಿಗೆ ಗೊತ್ತಿರುವುದಿಲ್ಲವಾದ್ದರಿಂದ ಪೆಟ್ಟಿಗೆಯ ಉತ್ತರವೇ ಸುರಕ್ಷಿತ.

---

ಗುಳೇದಗುಡ್ಡ_ಖಣ

ಪೆಟ್ಟಿಗೆಗೆ ನನ್ನದೂ ಒಪ್ಪಿಗೆ. ಖಂಡನೆಯ ಪ್ಯಾರಾ ಹೀಗೆ ಬರಬಹುದು. ನಕಲು ಮಾಡುವುದು ಬೇಡ, ಅವಳ ಮಾತಿನಲ್ಲೇ ಬರೆಯಲಿ:

‘ನೂರಾರು ಫೋನು ಹಿಂದಿರುಗಿಸುವಷ್ಟರಲ್ಲಿ ಬಸ್ಸೇ ಹೋಗುತ್ತದೆ ಎಂದು ಎದುರಾಳಿಗಳು ಹೇಳಬಹುದು. ಎಲ್ಲ ಫೋನುಗಳನ್ನೂ ಒಂದೇ ಕಚೇರಿಯಲ್ಲಿ ಇಟ್ಟರೆ ಅದು ನಿಜ. ಆದ್ದರಿಂದ ತರಗತಿಗೊಂದು ಬೀಗದ ಪೆಟ್ಟಿಗೆ ಇರಲಿ. ಹಾಜರಿ ಕೂಗುವಾಗಲೇ ಫೋನು ಒಳಗೆ ಹೋಗಲಿ. ಕೊನೆಯ ಪೀರಿಯಡ್‌ನ ಶಿಕ್ಷಕರು ಹೆಸರು ಕರೆದು ಕೊಡಲಿ. ನಲವತ್ತು ಮಕ್ಕಳ ಹಾಜರಿಗೆ ಹಿಡಿಯುವಷ್ಟೇ ಹೊತ್ತು ಸಾಕು.’

ಇದರಲ್ಲಿ ಮೂರು ಹೆಜ್ಜೆ ಇವೆ, ಗಮನಿಸಿ. ಎದುರಾಳಿಯ ಮಾತನ್ನು ಅವನು ಹೇಳುವಷ್ಟೇ ಗಟ್ಟಿಯಾಗಿ ಹೇಳಿದ್ದಾಯಿತು. ಅದರಲ್ಲಿ ನಿಜ ಎಷ್ಟು ಅಂತ ಒಪ್ಪಿದ್ದಾಯಿತು. ಆಮೇಲೆ ಆ ನಿಜದಿಂದ ತನ್ನ ಪಕ್ಷ ಯಾಕೆ ಬೀಳುವುದಿಲ್ಲ ಅಂತ ತೋರಿಸಿದ್ದಾಯಿತು. ನಡುವಿನ ಹೆಜ್ಜೆಯನ್ನು ಮಕ್ಕಳು ಬಿಡುತ್ತಾರೆ. ‘ಎದುರಾಳಿಗಳ ಮಾತು ಶುದ್ಧ ಸುಳ್ಳು’ ಅಂತ ಶುರು ಮಾಡುತ್ತಾರೆ. ಹಾಗೆ ಬರೆದರೆ ತಿದ್ದುವವರಿಗೆ ನಂಬಿಕೆ ಬರುವುದಿಲ್ಲ.

---

ಗೋಲಗುಮ್ಮಟ_ಹುಡುಗ

ಪೆಟ್ಟಿಗೆಯಲ್ಲಿ ಇಟ್ಟ ಫೋನು ಕಳೆದರೆ ಯಾರು ಹೊಣೆ ಸರ್? ನಾನು ಎದುರಾಳಿ ಆಗಿದ್ದರೆ ಇದನ್ನೇ ಕೇಳುತ್ತಿದ್ದೆ.

---

ಗುಳೇದಗುಡ್ಡ_ಖಣ

ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಇದಕ್ಕೆ ಪರ ಪಕ್ಷದಲ್ಲಿ ಪೂರ್ತಿ ಸಮಾಧಾನ ಕೊಡುವ ಉತ್ತರ ನನಗೆ ಕಂಡಿಲ್ಲ. ಹೊಣೆ ಶಿಕ್ಷಕರದ್ದು ಅಂದರೆ ಅವರು ಒಪ್ಪುವುದಿಲ್ಲ, ಪಾಲಕರದ್ದು ಅಂದರೆ ಪಾಲಕರು ಜಗಳಕ್ಕೆ ಬರುತ್ತಾರೆ. ಬಟನ್ ಫೋನು ಮಾತ್ರ ತರಲಿ, ಕಳೆದರೂ ನಷ್ಟ ಕಡಿಮೆ ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಉತ್ತರ. 250 ಪದಗಳಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಕೊಡಲು ಆಗುವುದಿಲ್ಲ. ಒಂದನ್ನು ಸರಿಯಾಗಿ ಕೊಟ್ಟರೆ ಸಾಕು. ಆದರೆ ಮೌಖಿಕ ಸ್ಪರ್ಧೆಯಲ್ಲಿ ಈ ಪ್ರಶ್ನೆ ಬಂದರೆ ಅವಳು ತಡವರಿಸುತ್ತಾಳೆ, ಅದು ಗೊತ್ತಿರಲಿ.

---

ಇಂಡಿ_ಲಿಂಬು

ನನ್ನದೊಂದು ಸಣ್ಣ ಸಂಶಯ. ನನ್ನ ತಂಗಿ ಮಗಳು ಅವತ್ತು ಫೋನಿನಲ್ಲಿ ‘ಮಾಮಾ, ಬಸ್ ಬಂದಿಲ್ಲ, ಕತ್ತಲಾಗಾಕತ್ತೇತಿ’ ಅಂದಿದ್ದಳು. ಇಂಥ ನಮ್ಮ ಕಡೆಯ ಮಾತನ್ನು ಭಾಷಣದಲ್ಲಿ ಬರೆಯಬಹುದಾ? ನನಗೆ ಅದೇ ಮಾತು ಮನಸ್ಸಿಗೆ ನಾಟಿತ್ತು.

---

ಗುಳೇದಗುಡ್ಡ_ಖಣ

ಒಬ್ಬರು ಆಡಿದ ಮಾತು ಅಂತ ಉದ್ಧರಣ ಚಿಹ್ನೆಯ ಒಳಗೆ ಒಂದು ಸಾಲು ಬರಬಹುದು. ಭಾಷಣ ಉಳಿದಂತೆ ಬರಹದ ಕನ್ನಡದಲ್ಲೇ ಇರಲಿ. ನನಗಾದರೆ ಆ ಸಾಲು ಬಹಳ ಇಷ್ಟ ಆಗುತ್ತದೆ.

---

ಗೋಕಾಕ_ಕರದಂಟು

ನನಗೂ ಇಷ್ಟವೇ. ಆದರೆ ಬೋರ್ಡ್ ಪರೀಕ್ಷೆಯ ಪತ್ರಿಕೆ ಬೆಂಗಳೂರು, ಮಂಗಳೂರು ಕಡೆಯವರ ಕೈಗೂ ಹೋಗಬಹುದು. ಅವರು ‘ಕತ್ತಲಾಗಾಕತ್ತೇತಿ’ಯನ್ನು ತಪ್ಪು ಅಂತ ಗುರುತು ಹಾಕಿದರೆ ಮಗು ಏನು ಮಾಡಬೇಕು? ಶಾಲೆಯ ಸ್ಪರ್ಧೆಯಲ್ಲಿ ಹೇಳಲಿ, ಪರೀಕ್ಷೆಯಲ್ಲಿ ಬೇಡ ಅನ್ನುವುದು ನನ್ನ ಸಲಹೆ.

---

ತಿಳಕವಾಡಿ_ಅಪ್ಪ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಪೆಟ್ಟಿಗೆಯ ಪ್ಯಾರಾ ತನ್ನ ಮಾತಿನಲ್ಲಿ ಬರೆದುಕೊಂಡಿದ್ದಾಳೆ. ನಾಳೆ ಗೋಕಾಕದ ಮೇಡಂ ಹೇಳಿದ ಹಾಗೆ ವಿರುದ್ಧವಾಗಿಯೂ ಒಂದು ಬರೆಯುತ್ತಾಳಂತೆ. ಅವಳದ್ದು ಒಂದು ಕೊನೆಯ ಪ್ರಶ್ನೆ: ‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ’ ಸಾಲು 250 ಪದದ ಲೆಕ್ಕದಲ್ಲಿ ಬರುತ್ತದಾ?

---

ಗೋಕಾಕ_ಕರದಂಟು

ಬರುತ್ತದೆ ಅಂತಲೇ ಇಟ್ಟುಕೊಳ್ಳಲಿ. ಅದಕ್ಕೇ ಸಂಬೋಧನೆ ಒಂದು ಸಾಲು ಮೀರಬಾರದು. ‘ಪೂಜ್ಯ ಗುರುವೃಂದವೇ, ವೇದಿಕೆ ಮೇಲಿನ ಗಣ್ಯರೇ’ ಅಂತ ನಾಲ್ಕು ಸಾಲು ಬರೆದರೆ ಖಂಡನೆಗೆ ಜಾಗ ಉಳಿಯುವುದಿಲ್ಲ. ಹತ್ತಿಪ್ಪತ್ತು ಪದ ಆಚೀಚೆ ಆದರೆ ಯಾರೂ ಎಣಿಸುವುದಿಲ್ಲ. ವಿರುದ್ಧ ಪಕ್ಷದ್ದು ಬರೆದ ಮೇಲೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.